ನಿನ್ನೆ ನುಂಗಿದ ಎರಡು ಮಾತು

ತೀವ್ರ ನಿಗಾ ಘಟಕದ ಹೊರಗಿನ ಕೋಣೆಯಲ್ಲಿ ಆರು ಕುರ್ಚಿಗಳಿದ್ದವು. ಒಳಗೆ ಅಣ್ಣ ವೆಂಟಿಲೇಟರಿನಲ್ಲಿದ್ದ; ಹೊರಗೆ ಅತ್ತಿಗೆಯ ಜೊತೆ ಕಾಯುತ್ತಿದ್ದ ಮೈದುನನಿಗೆ ಮಾತ್ರ ಒಂದರಲ್ಲೂ ಕೂರಲಾಗುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಿದ್ದ. ಫ್ರಿಜ್ ರಿಪೇರಿ ಅವನ ಕಸುಬು. ಯಂತ್ರವೆಂದರೆ ತನಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡವನು.

“ಅತ್ತಿಗೆ, ಈಗಷ್ಟೇ ಗಾಜಿನಿಂದ ನೋಡ್ದೆ. ಆಕ್ಸಿಜನ್ ತೊಂಬತ್ತಮೂರು! ನಾನು ಜನ್ಮದಲ್ಲಿ ಅಷ್ಟು ಮಾರ್ಕ್ಸ್ ತಗೊಂಡಿಲ್ಲ.”

ಅತ್ತಿಗೆ ನಗಲು ನೋಡಿದಳು, ಆಗಲಿಲ್ಲ. ಬಟ್ಟೆ ಹೊಲಿಯುವ ಅವಳ ಬೆರಳುಗಳು ಸೆರಗಿನ ಅಂಚನ್ನು ಮಡಚುತ್ತಿದ್ದವು, ಬಿಚ್ಚುತ್ತಿದ್ದವು.

ಅಷ್ಟರಲ್ಲಿ ದುಭಾಷಿ ಬಂದಳು. ಡಾಕ್ಟರ ಭಾಷೆ ಈ ಮನೆಯವರಿಗೆ ಬಾರದು, ಇವರ ಕನ್ನಡ ಡಾಕ್ಟರಿಗೆ ಬಾರದು. ನಡುವೆ ನಿಲ್ಲುವುದೇ ಅವಳ ಕೆಲಸ. ಹನ್ನೊಂದು ವರ್ಷದ ಅನುಭವ. ಒಂದು ಮಾತು ಕೂಡಿಸಬಾರದು, ಒಂದು ಮಾತು ಬಿಡಬಾರದು ಎಂದು ಹೊಸಬರಿಗೆ ಪಾಠ ಹೇಳುವವಳೂ ಅವಳೇ.

“ಬನ್ನಿ ಮೇಡಂ,” ಎಂದಳು ಅತ್ತಿಗೆ. “ಮಗಳು ಟ್ರೇನಿಂಗ್ ಬಿಟ್ಟು ಬರ್ತೀನಿ ಅಂತ ಹಟ ಹಿಡಿದಿದ್ಲು. ನಾನೇ ಬೇಡ ಅಂದೆ. ಅಪ್ಪ ಆರಾಮಾಗಿ ನಿದ್ದೆ ಮಾಡ್ತಿದಾರೆ ಅಂತ ನೀವೇ ಹೇಳಿದ್ರಲ್ಲ. ಶನಿವಾರ ಬಾ ಅಂದೆ.”

ದುಭಾಷಿ ಮನಸ್ಸಿನಲ್ಲೇ ದಿನ ಎಣಿಸಿದಳು. ಇವತ್ತಿನ್ನೂ ಬುಧವಾರ.

ನಿನ್ನೆ ಡಾಕ್ಟರು ಹೇಳಿದ್ದು ಅಷ್ಟೇ ಅಲ್ಲ. ಕಾಯಿಲೆ ಗಂಭೀರವಾಗಿದೆ, ಇನ್ನೂ ಕೆಡಬಹುದು ಎಂದೂ ಹೇಳಿದ್ದರು. ಆಗ ಅತ್ತಿಗೆ ದುಭಾಷಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆ ಎರಡು ಮಾತು ದುಭಾಷಿಯ ಗಂಟಲಲ್ಲೇ ಉಳಿದವು. ಸಮಾಧಾನದಿಂದ ಹೇಳುವುದು ಬೇರೆ, ಸಮಾಧಾನ ಆಗುವಷ್ಟನ್ನೇ ಹೇಳುವುದು ಬೇರೆ. ಅದು ಗೊತ್ತಿದ್ದೂ ಜಾರಿದ್ದಳು.

ಡಾಕ್ಟರು ಬಂದು ಎದುರಿಗೆ ಕುಳಿತು, ನಾಲ್ಕು ವಾಕ್ಯಕ್ಕೊಮ್ಮೆ ನಿಲ್ಲಿಸುತ್ತಾ ಮಾತಾಡಿದರು. ದುಭಾಷಿ ನಿಧಾನವಾಗಿ ಕನ್ನಡಕ್ಕೆ ತಂದಳು.

“ನ್ಯುಮೋನಿಯಾ ಎರಡೂ ಶ್ವಾಸಕೋಶಕ್ಕೆ ಹರಡಿದೆ. ಪರದೆ ಮೇಲಿನ ತೊಂಬತ್ತಮೂರು ರಕ್ತದಲ್ಲಿರೋ ಆಕ್ಸಿಜನ್. ಅಷ್ಟು ಉಳಿಸೋಕೆ ನಿನ್ನೆ ವೆಂಟಿಲೇಟರಿನಲ್ಲಿ ನೂರಕ್ಕೆ ನಲವತ್ತು ಪಾಲು ಆಕ್ಸಿಜನ್ ಕೊಟ್ರೆ ಸಾಕಾಗ್ತಿತ್ತು. ಇವತ್ತು ಎಂಬತ್ತು ಕೊಡ್ತಿದೀವಿ. ಬಿಪಿ ಬೀಳದ ಹಾಗೆ ಔಷಧಿ ಹೋಗ್ತಾ ಇದೆ.”

ಮೈದುನ ಮೊದಲ ಬಾರಿಗೆ ಕುಳಿತ. ಅಂಕಿ ಸರಿಯಿದ್ದರೂ ಅದನ್ನು ಉಳಿಸಲು ಫ್ರಿಜ್ಜಿನ ಮೋಟಾರಿನಂತೆ ಯಂತ್ರ ಎಷ್ಟು ದುಡಿಯುತ್ತಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು?

“ಇನ್ನೊಂದು ಗಂಟೆಯಲ್ಲಿ ಬೋರಲು ಮಲಗಿಸ್ತೀವಿ. ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಳ್ಳಲಿ ಅಂತ. ಅದಕ್ಕೆ ಮಂಪರಿನ ಔಷಧಿ ಜಾಸ್ತಿ ಮಾಡ್ತೀವಿ. ಕರೆದರೆ ಕಣ್ಣು ಬಿಡಲ್ಲ.”

ಅತ್ತಿಗೆ ಕೇಳಿದಳು: “ನಿನ್ನೆ ಚೆನ್ನಾಗಿದ್ರಲ್ಲ, ಒಂದೇ ರಾತ್ರೀಲಿ ಹೇಗೆ?”

ದುಭಾಷಿ ಡಾಕ್ಟರತ್ತ ತಿರುಗಿ ಅವರ ಭಾಷೆಯಲ್ಲಿ, ನಿನ್ನೆ ನಿಮ್ಮ ಮಾತಿನಲ್ಲಿ ಎರಡನ್ನು ನಾನು ಬಿಟ್ಟೆ, ಸರಿಪಡಿಸಬೇಕು ಎಂದಳು. ಡಾಕ್ಟರ ಹುಬ್ಬು ಗಂಟಿಕ್ಕಿತು. ಹೇಳಿ ಎಂದು ತಲೆಯಾಡಿಸಿದರು.

“ಅಮ್ಮ, ತಪ್ಪು ನನ್ನದು. ಕಾಯಿಲೆ ಗಂಭೀರವಾಗಿದೆ, ಇನ್ನೂ ಕೆಡಬಹುದು ಅಂತ ಡಾಕ್ಟರು ನಿನ್ನೆಯೇ ಹೇಳಿದ್ರು. ನಾನು ಹೇಳ್ಲಿಲ್ಲ. ಅವರದು ಆರಾಮದ ನಿದ್ದೆಯೂ ಅಲ್ಲ. ಉಸಿರಾಟದ ಕೊಳವೆಯಿಂದ ಹಿಂಸೆಯಾಗಬಾರದು ಅಂತ ಔಷಧಿಯಿಂದ ಮಂಪರಿನಲ್ಲಿಟ್ಟಿದ್ದಾರೆ.”

“ನಿಮ್ಮನ್ನ ನಂಬಿದ್ನಲ್ರೀ!” ಅತ್ತಿಗೆಯ ದನಿ ಒಡೆಯಿತು. “ನನ್ನ ಮಗಳನ್ನ ತಡೆದುಬಿಟ್ನಲ್ಲ!”

ದುಭಾಷಿ ಅದನ್ನೂ ಬಿಡದೆ ಡಾಕ್ಟರಿಗೆ ದಾಟಿಸಿದಳು. ಮುಖಕ್ಕೆ ಹೊಡೆದಂತಾಯಿತು, ಆದರೂ ದಾಟಿಸಿದಳು.

“ಕೇಳಿ ಡಾಕ್ಟರನ್ನ,” ಎಂದಳು ಅತ್ತಿಗೆ. “ ಮಗಳು ಇವತ್ತೇ ಬರಬೇಕಾ? ಬದುಕ್ತಾರಾ? ಏನು ಹೇಳ್ತಾರೋ ಒಂದಕ್ಷರ ಬಿಡಬೇಡಿ.”

ಡಾಕ್ಟರ ಉತ್ತರವನ್ನು ದುಭಾಷಿ ಹಾಗೇ ಹೇಳಿದಳು: “ಇವತ್ತೇ ಬರಲಿ. ನಮ್ಮ ಕೈಲಾದದ್ದೆಲ್ಲ ಮಾಡ್ತಿದೀವಿ. ಆದರೂ ಅವರು ಸಾಯಬಹುದು.”

ಅತ್ತಿಗೆ ಆಗಲೇ ಫೋನು ಹಚ್ಚಿದ್ದಳು. ಮಗಳಿದ್ದ ಊರು ರೈಲಿನಲ್ಲಿ ಆರು ಗಂಟೆಯ ದಾರಿ. ಮಗಳ ದನಿ ಹೊರಗೂ ಕೇಳಿಸಿತು: “ಅಮ್ಮಾ, ಅಪ್ಪ ಹೇಗಿದಾರೆ?”

“ಆರಾಮಾಗೇ ಇದಾರೆ ಕಣೇ...” ಎಂದವಳು ಮಾತು ತಡೆದಳು. “ಇಲ್ಲ ಕಂದ. ಆರಾಮಾಗಿಲ್ಲ. ಉಸಿರಾಡಿಸೋಕೆ ಯಂತ್ರಕ್ಕೇ ತುಂಬಾ ಕಷ್ಟ ಆಗ್ತಿದೆ. ನೀನು ಬರೋವರೆಗೆ ಇರ್ತಾರೋ ಇಲ್ವೋ ಗೊತ್ತಿಲ್ಲ. ಈಗಲೇ ಹೊರಡು.”

ಆ ಕಡೆ ಅಳು ಕೇಳಿಸಿತು, ಆಮೇಲೆ ಬೀರುವಿನ ಬಾಗಿಲು ತೆರೆದ ಸದ್ದು.

ಅತ್ತಿಗೆ ಫೋನು ಮಡಿಲಿಗೆ ಹಾಕಿಕೊಂಡು ದುಭಾಷಿಯತ್ತ ತಿರುಗಿದಳು. ಸಿಟ್ಟು ಇಳಿದಿರಲಿಲ್ಲ.

“ನನ್ನ ಬಾಯಲ್ಲೂ ಮೊದಲು ಅದೇ ‘ಆರಾಮ’ ಬಂತು, ನೋಡಿದ್ರಾ,” ಎಂದಳು.