ಮೂರು ಆರು ಮೂರರ ತ್ರಿಭುಜ

ಕೈವಾರಪ್ಪನಿಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಆದರೆ ಇಪ್ಪತ್ತೆರಡು ವರ್ಷ ಪರೀಕ್ಷಾ ಕಚೇರಿಯಲ್ಲಿ ಕೈವಾರ ಹಿಡಿದು ಗಣಿತದ ಪ್ರಶ್ನೆಪತ್ರಿಕೆಗೆ ಚಿತ್ರ ಬರೆದೂ ಬರೆದೂ, ಕೊನೆಗೆ ಕಟ್ಟಿಕೊಂಡ ಹೆಂಡತಿಯೂ ಅವನನ್ನು ಹಾಗೆಯೇ ಕರೆಯತೊಡಗಿದ್ದಳು. ಅವಳ ಅಣ್ಣನಂತೂ ಮೊದಲಿನಿಂದಲೂ ಕರೆಯುತ್ತಿದ್ದದ್ದು ಹಾಗೇ. ಆ ಅಣ್ಣನೇ, ಅಂದರೆ ಕೈವಾರಪ್ಪನ ಭಾವನೇ, ಪ್ರಶ್ನೆಪತ್ರಿಕೆ ಸಮಿತಿಯ ಅಧ್ಯಕ್ಷ. ಮೂವತ್ತು ವರ್ಷ ಗಣಿತ ಪಾಠ ಹೇಳಿದ ಮನುಷ್ಯ. ಮನೆಯಲ್ಲಿ ಬಾಳೆಹಣ್ಣು ಹಂಚಿದರೂ ಶೇಷ ಎಷ್ಟು ಎಂದು ಕೇಳುವಂಥವನು. ತಂಗಿಯ ಗಂಡ ಅಂದರೆ ಅವನ ಲೆಕ್ಕದಲ್ಲಿ ಗೆರೆ ಎಳೆಯುವವನು, ಅಷ್ಟೆ.

ಪತ್ರಿಕೆ ತಯಾರಾಗುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಆ ಕೋಣೆಗೆ ಹೊರಗಿನಿಂದ ಬೀಗ ಬೀಳುತ್ತದೆ. ಮೊಬೈಲುಗಳೆಲ್ಲ ಕಾವಲುಗಾರನ ತಗಡಿನ ಡಬ್ಬಿಯೊಳಗೆ. ಸಂಜೆ ಐದಕ್ಕೆ ಲಕೋಟೆಗೆ ಅರಗು ಬಿದ್ದ ಮೇಲೆಯೇ ಬಾಗಿಲು ತೆರೆಯುವುದು. ಒಳಗೆ ಒಂದು ಉದ್ದನೆಯ ಮೇಜು, ಕಿರುಗುಡುವ ಫ್ಯಾನು, ಫ್ಲಾಸ್ಕಿನಲ್ಲಿ ಚಹಾ.

ಈ ಸಲ ಮೇಜಿನ ಇನ್ನೊಂದು ತುದಿಯಲ್ಲಿ ಹೊಸಬರೊಬ್ಬರು ಕೂತಿದ್ದರು. ಗಣಿತದ ಮೇಡಂ, ಹುಟ್ಟಿನಿಂದಲೇ ಕಣ್ಣು ಕಾಣದು. ಕಣ್ಣು ಕಾಣದ ಮಕ್ಕಳಿಗೆ ಉಬ್ಬುಗೆರೆಯ ಚಿತ್ರ ಕೊಡಬೇಕೆಂದು ಆ ವರ್ಷ ಹೊಸ ಆದೇಶ ಬಂದಿತ್ತು. ಕೈವಾರಪ್ಪ ಬರೆದ ಚಿತ್ರವನ್ನು ದಪ್ಪ ಕಾಗದದ ಹಿಂದಿನಿಂದ ಹಲ್ಲಿನ ಚಕ್ರ ಉರುಳಿಸಿ ಉಬ್ಬಿಸುವುದು, ಮೇಡಂ ಬೆರಳಾಡಿಸಿ ಸರಿ ಎನ್ನುವುದು. ಬೆರಳೇ ಅಳೆಯುವಾಗ ಚಿತ್ರ ಕರಾರುವಾಕ್ಕಾಗಿ ಇರಬೇಕಲ್ಲ? 'ಚಿತ್ರ ಅಳತೆಗೆ ತಕ್ಕಂತಿಲ್ಲ' ಎಂದು ಕೆಳಗೆ ಬರೆದು ಪಾರಾಗುವ ಹಳೆಯ ಉಪಾಯ ಈ ಸಲ ನಡೆಯುವಂತಿರಲಿಲ್ಲ.

ಬೀಗ ಬಿದ್ದ ಕೂಡಲೇ ಭಾವ ಗಂಟಲು ಸರಿಮಾಡಿಕೊಂಡ.

"ನೋಡು ಕೈವಾರಪ್ಪ, ಮನೆ ಬೇರೆ, ಆಫೀಸು ಬೇರೆ. ಮುಂದಿನ ವರ್ಷದಿಂದ ಚಿತ್ರಾನ ಕಂಪ್ಯೂಟರಲ್ಲೇ ಮಾಡ್ಸೋಣ್ವಾ ಅಂತ ಮೇಲಿನವ್ರು ಕೇಳಿದಾರೆ. ನಿನ್ನ ಕೈ ನಡುಗತ್ತೆ. ಮೊನ್ನೆ ನಮ್ಮನೇಲಿ ಚಹಾ ಚೆಲ್ಲಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಇವತ್ತು ಹದಿನೈದು ಚಿತ್ರ ಇದೆ. ಒಂದು ಕೆಟ್ರೂ ಇವನ ಕೈಲಿ ಆಗಲ್ಲ ಅಂತ ಬರೆದುಬಿಡ್ತೀನಿ. ಆಮೇಲೆ ತಂಗಿ ಹತ್ರ ದೂರು ಹೇಳ್ಬೇಡ."

ಮನೆ ನಕ್ಷೆ ಬರೆಸಿಕೊಳ್ಳಲು ಕೈವಾರಪ್ಪನ ಬಳಿ ಜನ ಬರುವುದು ಯಾವಾಗಲೋ ನಿಂತುಹೋಗಿತ್ತು. ವರ್ಷಕ್ಕೊಮ್ಮೆ ಈ ಕೋಣೆಯಲ್ಲಿ ಕೂತು ಪೆನ್ಸಿಲು ಚೂಪು ಮಾಡುವ ಒಂದು ದಿನಕ್ಕಾಗಿ ಅವನು ಉಳಿದ ದಿನಗಳನ್ನು ಹೇಗೋ ತಳ್ಳುತ್ತಿದ್ದ. ಅದೂ ಹೋದರೆ ಕೈವಾರಪ್ಪ ಎನ್ನುವ ಹೆಸರಿಗಾದರೂ ಏನು ಅರ್ಥ? ಚಹಾ ಚೆಲ್ಲಿದ್ದು ಕಪ್ಪು ಸುಡುತ್ತಿದ್ದುದಕ್ಕೆ ಎಂದು ಹೇಳಬೇಕೆನಿಸಿತು, ಮೊದಲ ಹಾಳೆ ಎಳೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಚಿತ್ರ ಮುಗಿದವು. ವೃತ್ತ, ಸ್ಪರ್ಶಕ, ಏಣಿ ಒರಗಿಸಿದ ಗೋಡೆ, ಒಂದೊಂದೂ ಬೆರಳಿಗೆ ಸಲೀಸಾಗಿ ಸಿಕ್ಕಿತು. "ಏನು ಕೈ ರೀ ನಿಮ್ದು! ಮೂಲೆಗಳು ಬೆರಳಿಗೆ ಚುಚ್ಚುತ್ತೆ" ಎಂದರು ಮೇಡಂ. ಕೈವಾರಪ್ಪ ಉಬ್ಬಿಹೋದ.

ಹದಿನೈದನೆಯದು ಭಾವನ ಸ್ವಂತ ಪ್ರಶ್ನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ಆ ಪ್ರಶ್ನೆಯನ್ನು ಭಾವ ಎರಡು ಸಲ ರಾಗವಾಗಿ ಓದಿದ. ಒಂದು ತ್ರಿಭುಜದ ಒಂದು ಕೋನದ ಎರಡು ಬದಿಗಳು ಮೂರು ಮತ್ತು ಆರು ಸೆಂಟಿಮೀಟರ್. ಆ ಕೋನವನ್ನು ಸಮನಾಗಿ ಸೀಳುವ ಕೋನಾರ್ಧಕ ಎದುರು ಬದಿಯನ್ನು ಮುಟ್ಟುವವರೆಗೆ ನಾಲ್ಕು ಸೆಂಟಿಮೀಟರ್. ಹಾಗಾದರೆ ಎದುರು ಬದಿ ಎಷ್ಟು?

"ಎಷ್ಟು ಚೆನ್ನಾಗಿ ಬಿಡಿಸ್ಕೊಳ್ಳುತ್ತೆ ನೋಡಿ ಮೇಡಂ!" ಭಾವನ ಕಣ್ಣು ಮಿನುಗಿತು. "ಕೋನಾರ್ಧಕ ಎದುರು ಬದೀನ ಪಕ್ಕದ ಬದಿಗಳ ಲೆಕ್ಕದಲ್ಲೇ ಕತ್ತರಿಸುತ್ತೆ. ಒಂದು ತುಂಡಿಗೆ ಇನ್ನೊಂದು ಎರಡರಷ್ಟು. ಬದಿಗಳ ಗುಣಲಬ್ಧ ಹದಿನೆಂಟು, ಅದರಲ್ಲಿ ಅರ್ಧಕದ ವರ್ಗ ಹದಿನಾರು ಕಳೀರಿ, ಎರಡು ಉಳೀತು. ಅದೇ ತುಂಡುಗಳ ಗುಣಲಬ್ಧ. ತುಂಡು ಒಂದು, ಎರಡು. ಎದುರು ಬದಿ ಮೂರು! ವರ್ಗಮೂಲದ ಕಾಟ ಇಲ್ಲ, ದಶಮಾಂಶದ ಕಾಟ ಇಲ್ಲ."

ಮೇಡಂ ಮನಸ್ಸಿನಲ್ಲೇ ಲೆಕ್ಕ ಹಾಕಿ ತಲೆದೂಗಿದರು. "ಹೌದು ಸರ್, ಮೂರೇ ಬರುತ್ತೆ."

ಕೈವಾರಪ್ಪ ಎರಡರಷ್ಟು ದೊಡ್ಡದು ಮಾಡಿಕೊಂಡು ಹನ್ನೆರಡು ಸೆಂಟಿಮೀಟರಿನ ಗೆರೆ ಎಳೆದ. ಎರಡೂ ತುದಿಯಿಂದ ಆರಾರು ಸೆಂಟಿಮೀಟರಿನ ಕಂಸ ಹಾಕಬೇಕು, ಕಂಸಗಳು ಕೂಡುವ ಕಡೆ ತ್ರಿಭುಜದ ಮೂರನೆಯ ಮೂಲೆ. ಹಾಕಿದ. ಕಂಸಗಳು ಕೂಡಿದ್ದು ಗೆರೆಯ ಮೇಲೆಯೇ, ನಟ್ಟನಡುವೆ.

ಕನ್ನಡಕ ಒರೆಸಿಕೊಂಡ. ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಹಾಕಿದ. ಮತ್ತೆ ಗೆರೆಯ ಮೇಲೆಯೇ. ಕೈವಾರದ ತಿರುಪು ಬಿಗಿಮಾಡಿ, ಮೂರರಷ್ಟು ದೊಡ್ಡದು ಮಾಡಿ ನೋಡಿದ. ದೊಡ್ಡ ಹಾಳೆಯ ಮೇಲೆ ದೊಡ್ಡದಾಗಿಯೇ ಕೆಟ್ಟಿತು. ಕೊನೆಗೆ ದಪ್ಪ ಪೆನ್ಸಿಲು ಹಿಡಿದಾಗ ಗೆರೆಯ ಮೇಲೆ ಎಲ್ಲೋ ಒಂಚೂರು ಉಬ್ಬು ಕಂಡಿತು.

"ಆಹಾ, ಬಂತಲ್ಲ ತ್ರಿಭುಜ!" ಎಂದ ಭಾವ, ಹೆಗಲ ಮೇಲಿಂದ ಬಗ್ಗಿ ನೋಡಿ.

"ಅದು ತ್ರಿಭುಜ ಅಲ್ಲ ಭಾವ, ಪೆನ್ಸಿಲ್ಲಿನ ದಪ್ಪ."

"ಉತ್ತರ ಬಂದ ಮೇಲೆ ಚಿತ್ರ ಬರದೆ ಎಲ್ಲಿಗೆ ಹೋಗುತ್ತಯ್ಯಾ?"

"ಪ್ರಶ್ನೆಯಲ್ಲೇ ಏನಾದ್ರೂ..."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ!" ಭಾವ ಎದ್ದು ನಿಂತ. "ಮೂವತ್ತು ವರ್ಷದಿಂದ ಹುಡುಗರಿಗೆ ಕೊಡ್ತಾ ಇದೀನಿ ಈ ಲೆಕ್ಕಾನ. ಒಬ್ಬನೂ ಚಕಾರ ಎತ್ತಿಲ್ಲ. ಇವನೊಬ್ಬ ಸಿಕ್ಕಿದ. ಕೈ ಹೋಗಿದೆ ಅಂತ ಒಪ್ಕೋ, ಮುಗೀತು."

ಕಾವಲುಗಾರ ಬಾಗಿಲು ತಟ್ಟಿದ. "ಸಾರ್, ನಾಲ್ಕು ಗಂಟೆ ಆಯ್ತು!"

ಕೈವಾರಪ್ಪ ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ. ನಡುಗುತ್ತಿತ್ತು, ಸುಳ್ಳಲ್ಲ, ಆದರೆ ಅದು ನಾಚಿಕೆಗೋ ಸಿಟ್ಟಿಗೋ ಅವನಿಗೇ ತಿಳಿಯಲಿಲ್ಲ. ಇಬ್ಬರು ಗಣಿತದವರು ಒಂದೇ ಉತ್ತರ ಹೇಳುತ್ತಿದ್ದಾರೆ. ತಪ್ಪು ತನ್ನದೇ ಇರಬೇಕು. ಇಪ್ಪತ್ತೆರಡು ವರ್ಷ ಬರೆದ ಕೈ, ಹೋಗುವ ಕಾಲ ಬಂದರೆ ಹೋಗಲೇಬೇಕಲ್ಲ ಎಂದುಕೊಂಡಾಗ ಕಣ್ಣು ಮಂಜಾಯಿತು. ಸೋತ ಮುಖದಲ್ಲಿ ಚಕ್ರ ಉರುಳಿಸಿ, ಆದದ್ದಾಗಲಿ ಎಂದು ಹಾಳೆಯನ್ನು ಮೇಡಂ ಕಡೆ ಸರಿಸಿದ.

ಮೇಡಂ ಬೆರಳು ಎಡದಿಂದ ಬಲಕ್ಕೆ ಹೋಯಿತು. ಬಲದಿಂದ ಎಡಕ್ಕೆ ಬಂತು.

"ಇಲ್ಲೊಂದು ಗೆರೆ ಇದೆ. ಒಳ್ಳೇ ನೇರವಾದ ಗೆರೆ. ತ್ರಿಭುಜ ಎಲ್ಲಿಟ್ಟಿದೀರಿ?"

"ನೋಡಿದ್ರಾ, ನೋಡಿದ್ರಾ!" ಎಂದ ಭಾವ, ಗೆದ್ದವನ ಹಾಗೆ. "ಕೈ ಹೋಗಿದೆ!"

"ಒಂದ್ನಿಮಿಷ ಸರ್. ಗೆರೆ ನೇರ ಇದೆ ಅಂದೆನಲ್ಲ. ಹೋದ ಕೈಗೆ ಇಷ್ಟು ನೇರ ಎಲ್ಲಿಂದ ಬರುತ್ತೆ?" ಮೇಡಂ ಬೆರಳು ಗೆರೆಯ ನಡುವೆ ನಿಂತಿತು. "ಏನ್ ಮಾಡಿದ್ರಿ, ಹೇಳಿ ಕೈವಾರಪ್ಪನವರೇ. ಸೂತ್ರ ಬೇಡ, ಕೈ ಮಾಡಿದ್ದನ್ನ ಹೇಳಿ."

ಪ್ರಶ್ನೆಪತ್ರಿಕೆ ಕೋಣೆಯಲ್ಲಿ ಅವನ ಹೆಸರಿನ ಮುಂದೆ ಯಾರಾದರೂ 'ಅವರು' ಸೇರಿಸಿ ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

"ಮೇಡಂ, ನಾನು ಲೆಕ್ಕ ಓದಿದವನಲ್ಲ. ಈ ತುದಿಯಿಂದ ಆ ತುದಿಗೆ ನೇರ ಹೋದ್ರೆ ಆರು. ಮೂರನೇ ಮೂಲೆ ಮುಟ್ಕೊಂಡು ಸುತ್ತಿ ಹೋದ್ರೆ ಮೂರು, ಆಮೇಲೆ ಇನ್ನೊಂದು ಮೂರು. ಅದೂ ಆರೇ." ಅವನು ತಲೆ ಕೆರೆದುಕೊಂಡ. "ಹಾಗಿದ್ರೆ ಸುತ್ತಿದ್ದೆಲ್ಲಿ?"

ಮೇಡಂ ಬೆರಳು ಗೆರೆಯ ಈ ತುದಿಯಿಂದ ಆ ತುದಿಗೆ ಇನ್ನೊಮ್ಮೆ ಓಡಿತು. ಆಮೇಲೆ ಮೇಡಂ ನಕ್ಕರು ನೋಡಿ, ಮೇಜಿನ ಮೇಲಿನ ಲೋಟಗಳು ಅಲುಗುವಷ್ಟು. "ಅಯ್ಯೋ ಶಿವನೇ! ಯಾವುದೇ ಎರಡು ಬದಿ ಕೂಡಿದ್ರೆ ಮೂರನೇದಕ್ಕಿಂತ ಜಾಸ್ತಿ ಇರ್ಬೇಕು. ಏಳನೇ ಕ್ಲಾಸಿನ ಪಾಠ! ನಾನೂ ಮೂರು ಅಂತ ತಲೆದೂಗಿಬಿಟ್ಟೆನಲ್ಲ, ಮಾನ ಹೋಯ್ತು!"

ಭಾವ ಕುರ್ಚಿಯಲ್ಲಿ ಕುಸಿದು ಕೂತ. ಮೂರು, ಆರು, ಮೂರು ಎಂದು ಬೆರಳು ಮಡಿಸಿದ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ. ಏಳನೇ ಕ್ಲಾಸಿನವರಿಗೆ ಆ ಪಾಠವನ್ನು ಬೆತ್ತ ಹಿಡಿದು ಹೇಳಿಕೊಟ್ಟವನೇ ಅವನು.

"ಹಾಗಾದ್ರೆ ನಾಲ್ಕಕ್ಕೆ ಬದಲು ಎಷ್ಟು ಕೊಡ್ಲಿ?" ಎಂದು ಯಾರನ್ನೂ ನೋಡದೆ ಕೇಳಿದ.

ಕೈವಾರಪ್ಪ ಹೊಸ ಹಾಳೆಯ ಮೇಲೆ ಬರೆಯತೊಡಗಿದ. ಮೂರು ಮತ್ತು ಆರರ ಬದಿಗಳನ್ನು ಅರವತ್ತು ಡಿಗ್ರಿ ಅಗಲಿಸಿ, ತುದಿ ಸೇರಿಸಿ, ನಡುವೆ ಮೂವತ್ತಕ್ಕೆ ಅರ್ಧಕ ಎಳೆದು ಅಳೆದ. "ಮೂರೂವರೆಗೆ ಕೂದಲೆಳೆ ಕಮ್ಮಿ." ತೊಂಬತ್ತಕ್ಕೆ ಅಗಲಿಸಿದ. "ಎರಡು ಪಾಯಿಂಟ್ ಎಂಟರ ಮೇಲೆ ಚಿಲ್ಲರೆ. ಬದಿಗಳು ದೂರ ಹೋದಷ್ಟೂ ಅರ್ಧಕ ಗಿಡ್ಡ ಆಗುತ್ತೆ ಭಾವ. ನಾಲ್ಕು ಇರೋದು ಬದಿಗಳು ಒಂದರ ಮೇಲೊಂದು ಮಲಗಿದಾಗ ಮಾತ್ರ." ನೂರಿಪ್ಪತ್ತಕ್ಕೆ ಅಗಲಿಸಿದ. ಸ್ಕೇಲು ಇಟ್ಟ. ಮತ್ತೊಮ್ಮೆ ಇಟ್ಟ. "ಇದು ಎರಡು. ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ."

"ಇರಿ, ಪ್ರಮಾಣಿಸಿ ನೋಡೋಣ, ಇವತ್ತು ಒಂದ್ಸಲ ಬಿದ್ದಿದ್ದು ಸಾಕು" ಎಂದರು ಮೇಡಂ. "ಅರ್ಧಕ ತ್ರಿಭುಜಾನ ಎರಡು ಮಾಡುತ್ತೆ, ಎರಡರಲ್ಲೂ ಕೋನ ಅರವತ್ತು. ನೂರಿಪ್ಪತ್ತರ ಸೈನ್, ಅರವತ್ತರ ಸೈನ್ ಎರಡೂ ಒಂದೇ. ಎರಡು ತುಂಡಿನ ವಿಸ್ತೀರ್ಣ ಕೂಡಿದ್ರೆ ಪೂರ್ತಿ ತ್ರಿಭುಜ. ಸೈನ್ ಹೊಡೆದುಹಾಕಿದ್ರೆ ಮೂರಾರಲ ಹದಿನೆಂಟು, ಅದು ಮೂರು ಅರ್ಧಕ ಮತ್ತೆ ಆರು ಅರ್ಧಕಕ್ಕೆ ಸಮ. ಒಂಬತ್ತು ಅರ್ಧಕ ಹದಿನೆಂಟು, ಒಂದು ಅರ್ಧಕ ಎರಡು. ಸರಿಯಾಗೇ ಇದೆ! ಬದಿ ಮೂರು, ಆರು, ಕೋನ ನೂರಿಪ್ಪತ್ತು ಅಂತ ಕೊಟ್ಟು, ಅರ್ಧಕದ ಉದ್ದ ಕೇಳಿ ಸರ್."

ಹಲ್ಲಿನ ಚಕ್ರ ಉರುಳಿತು. ಮೇಡಂ ಬೆರಳು ಅಗಲವಾದ ಕೋನದೊಳಗೆ ಇಳಿದು, ಅರ್ಧಕದ ಗುಂಟ ಎದುರು ಬದಿಗೆ ಹೋಗಿ ಮುಟ್ಟಿತು. "ಇದು ತ್ರಿಭುಜ" ಎಂದರು ಅವರು. ಕೈವಾರಪ್ಪನಿಗೆ ಕುಣಿಯಬೇಕೆನಿಸಿತು. ಕೈ ಹೋಗಿರಲಿಲ್ಲ, ತನ್ನ ಕೈ ಹೋಗಿರಲಿಲ್ಲ!

ಭಾವ ಹೊಸ ಪ್ರಶ್ನೆ ಬರೆದುಕೊಂಡ. ಪೆನ್ನು ಕೆಳಗಿಟ್ಟ. ತಗ್ಗಿದ ದನಿಯಲ್ಲಿ, "ಮೂವತ್ತು ವರ್ಷ! ಎಷ್ಟು ಸಾವಿರ ಹುಡುಗರು! ಒಬ್ಬನಾದ್ರೂ ಹೇಳ್ಬಾರದಿತ್ತಾ?" ಎಂದ.

"ಯಾರೂ ಬರೆದು ನೋಡಿಲ್ಲ ಭಾವ. ಎಲ್ರಿಗೂ ಉತ್ತರ ಬಂದುಬಿಟ್ಟಿತ್ತು."

ಇನ್ನೊಂದು ದಿನವಾಗಿದ್ದರೆ ಈ ಮಾತಿಗೆ ಭಾವ ಹಾರಿಬೀಳುತ್ತಿದ್ದ. ಈಗ ಗೋಡೆಯ ಗಡಿಯಾರ ನೋಡಿದ. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಜೇಬಿನಿಂದ ಮಾಸಿದ ಒಂದು ಪುಟ್ಟ ನೋಟುಪುಸ್ತಕ ತೆಗೆದ. ಮುಂದಿನ ವರ್ಷಗಳಿಗೆಂದು ಕೂಡಿಟ್ಟುಕೊಂಡ ಪ್ರಶ್ನೆಗಳು, ಹೆಂಡತಿಗೂ ತೋರಿಸಿದವನಲ್ಲ. ಮೇಡಂಗೆ ಕೇಳಿಸದ ಹಾಗೆ ಅದನ್ನು ಮೇಜಿನ ಕೆಳಗಿನಿಂದ ತಂಗಿಯ ಗಂಡನ ಮಡಿಲಿಗೆ ತಳ್ಳಿ, ಕಿವಿಯ ಹತ್ತಿರ ಬಗ್ಗಿದ.

"ಇದರಲ್ಲೂ ಒಂದಷ್ಟು ತ್ರಿಭುಜ ಇದಾವೆ. ನಿಂತ್ಕೋತಾವಾ ನೋಡಿ ಹೇಳ್ತೀರಾ?"

"ಹೇಳ್ತೀರಾ ಅಂದ್ರಿ! ನನಗೆ ಕೇಳಿಸ್ತು!" ಎಂದರು ಮೇಡಂ.