ತಳ ಬಿಟ್ಟೇಳದ ಚುಕ್ಕೆ

ಬೋರೋಹೈಡ್ರೈಡ್ ಹಾಕಿ ಬೆಂಜೋಫೀನೋನನ್ನು ಆಲ್ಕೊಹಾಲ್ ಮಾಡಲು ಲ್ಯಾಬಿನಲ್ಲಿ ಕೂತು ಮೂರು ಗಂಟೆಯಾಗಿತ್ತು. ಪ್ರತಿ ಅರ್ಧ ಗಂಟೆಗೊಂದು ಹನಿ ತೆಗೆದು, ಆಮ್ಲ ಹಾಕಿ ರಿಯಾಕ್ಷನ್ ನಿಲ್ಲಿಸಿ, ಬೇರೆ ಬೇರೆ ಸೀಸೆಯಲ್ಲಿಡುತ್ತಿದ್ದೆ. ಅದರ ಚುಕ್ಕೆಯನ್ನು ಮೂಲವಸ್ತುವಿನ ಪಕ್ಕದಲ್ಲೇ ಸಿಲಿಕಾ ಬಳಿದ ಟಿಎಲ್‌ಸಿ ಪ್ಲೇಟಿನ ತಳಕ್ಕಿಟ್ಟು ಹೆಕ್ಸೇನ್‌ನಲ್ಲಿ ನಿಲ್ಲಿಸುತ್ತಿದ್ದೆ. ದ್ರಾವಕ ಮೇಲೇರುತ್ತ ಒಂದೊಂದು ವಸ್ತುವಿನ ಚುಕ್ಕೆಯನ್ನು ಒಂದೊಂದು ಎತ್ತರಕ್ಕೆ ಒಯ್ಯಬೇಕು. ಯುವಿ ದೀಪದಡಿ ಪ್ರತಿ ಸಲವೂ ಎರಡೂ ಚುಕ್ಕೆ ತಳದಲ್ಲೇ ಬಿದ್ದಿರುತ್ತಿದ್ದವು.

"ನೀನು ತೂಗಿದ ಬೋರೋಹೈಡ್ರೈಡೇ ಹಾಳಾಗಿದೆ!" ಎಂದು ಲ್ಯಾಬಿನ ಜೊತೆಗಾತಿಯ ಮೇಲೆ ಹರಿಹಾಯ್ದೆ.

ಅವಳು ಹೋಗಿ ಲ್ಯಾಬಿನ ಮೇಡಂ ಅವರನ್ನು ಕರೆತಂದಳು.

"ಬರೀ ಹೆಕ್ಸೇನಾ? ಅದಕ್ಕೆ ಪೋಲಾರಿಟಿಯೇ ಇಲ್ಲ ಕಣಪ್ಪಾ, ಸಿಲಿಕಾಗೆ ಅಂಟಿಕೊಂಡಿದ್ದನ್ನ ಹೇಗೆ ಎಬ್ಬಿಸುತ್ತೆ? ನಾಲ್ಕು ಪಾಲಿಗೆ ಒಂದು ಪಾಲು ಈಥೈಲ್ ಅಸಿಟೇಟ್ ಸೇರಿಸು" ಎಂದರು ಮೇಡಂ.

ಸೇರಿಸಿ ಹೊಸ ಪ್ಲೇಟು ಓಡಿಸಿದೆ. ಮೂಲವಸ್ತು ಆರ್‌ಎಫ್ 0.6ಕ್ಕೆ, ಅಂದರೆ ದ್ರಾವಕ ಏರಿದ ಎತ್ತರದ 0.6 ಪಾಲಿಗೆ, ಏರಿತು. ನಮ್ಮ ಹನಿಯಲ್ಲಿ ಆಲ್ಕೊಹಾಲಿನ 0.3ರ ಚುಕ್ಕೆ ಮಾತ್ರ ಇತ್ತು, ಮೂಲವಸ್ತುವಿನದು ಇರಲೇ ಇಲ್ಲ. ರಿಯಾಕ್ಷನ್ ಮುಗಿದಿತ್ತು! ಜೊತೆಗಾತಿ ಮೊದಲ ಅರ್ಧ ಗಂಟೆಗೆ ತೆಗೆದಿಟ್ಟ ಸೀಸೆಯ ಹನಿಯನ್ನೂ ಓಡಿಸಿದಳು. ಅದೂ ಬರೀ 0.3.

ಎಲ್ಲವನ್ನೂ ಇದ್ದದ್ದು ಇದ್ದಹಾಗೆ ರಿಪೋರ್ಟಿನಲ್ಲಿ ಬರೆದೆ. ಅಂಚಿನಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಗೀಚಿದ್ದರು: "ರಿಯಾಕ್ಷನ್‌ಗೆ ಬೇಕಾದದ್ದು ಅರ್ಧ ಗಂಟೆ, ನಿನಗೆ ಮೂರು."

ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಜೊತೆಗಾತಿಯ ಅಕ್ಷರ: "ಕ್ಷಮೆ ಕೇಳೋಕೆ ಇನ್ನೆಷ್ಟು?"