ಗಾಜಿನ ಬಾಗಿಲಿನ ಪಕ್ಕದ ಕುರ್ಚಿ

ನನ್ನ ಅಕ್ಕನ ತಲೆಗೆ ಒಂದು ವಿಷಯ ಹೊಕ್ಕಿತೆಂದರೆ ಇಕ್ಕಳ ಹಾಕಿ ಎಳೆದರೂ ಹೊರಗೆ ಬರುವುದಿಲ್ಲ. ಈ ಸಲ ಹೊಕ್ಕಿದ್ದು ಯುನಿಸೆಕ್ಸ್, ಹೆಂಗಸರ ಪಾರ್ಲರಿಗೆ ಗಂಡಸರನ್ನೂ ಕರೆಯುವುದು. ಪಾರ್ಲರ್ ನಮ್ಮಿಬ್ಬರದು, ಗಲ್ಲಾ ಅವಳದು, ಕೈಕೆಲಸ ನನ್ನದು. ಮಾಲೀಕ ಬಾಡಿಗೆ ಏರಿಸಿದ್ದೇ ತಡ, ಹೊಸ ಬೋರ್ಡಿಗೆ ರೇಟು ಕೇಳಿಕೊಂಡು ಬಂದಳು.

“ಹೆಂಗಸರು ಐಬ್ರೋ ಮಾಡಿಸ್ಕೊಂಡು ಅರ್ಧ ದಿನ ಹರಟೆ ಹೊಡೀತಾರೆ. ಗಂಡಸರು ಹಾಗಲ್ಲ ಕಣೇ. ತಿಂಗಳಿಗೊಂದ್ಸಲ ಬಂದೇ ಬರ್ತಾರೆ, ಬಾಯಿ ಮುಚ್ಕೊಂಡು ಕೂತು, ದುಡ್ಡು ಕೊಟ್ಟು ಹೋಗ್ತಾರೆ.”

“ಒಳಗೆ ಗಂಡಸಿಲ್ಲ ಅಂತಾನೇ ಹೆಂಗಸರು ಬರೋದು. ಅದಕ್ಕೇ ನಿನ್ನ ಗಲ್ಲಾ ತುಂಬೋದು.”

“ಬಾಡಿಗೆ ಯಾರು ಕಟ್ತಾರೆ? ನಿನ್ನ ನಾಚಿಕೆನಾ?”

ನನ್ನ ಮೈ ಉರಿದುಹೋಯಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಒಂದು ಮಾತೂ ಕೇಳದೆ ಒಬ್ಬ ಕಟಿಂಗ್ ಮಾಡುವವನನ್ನು ಕರೆತಂದು, ಹಾಲ್‌ನ ಮಧ್ಯೆ ಒಂದು ಪರದೆ ಕಟ್ಟಿಸಿ, ಗಾಜಿನ ಬಾಗಿಲಿನ ಪಕ್ಕದ ಎರಡು ಕುರ್ಚಿಗಳನ್ನು ಅವನಿಗೆ ಕೊಟ್ಟಳು. ಪಾಪ, ಅವನು ಒಳ್ಳೆಯವನೇ. ಬಾಯಿ ಬಿಡುತ್ತಿರಲಿಲ್ಲ, ತಲೆ ಎತ್ತುತ್ತಿರಲಿಲ್ಲ.

ತಲೆ, ಮುಖ ತೊಳೆಯುವ ಬೇಸಿನ್ ಇದ್ದದ್ದು ಒಂದೇ, ಅದೂ ಪರದೆಯ ಆಚೆ, ಗಂಡಸರ ಕಡೆ. ಅದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಮೂರನೇ ದಿನವೋ ಏನೋ, ನಮ್ಮ ಹಳೇ ಗಿರಾಕಿ ಟೀಚರಮ್ಮ ಮುಖಕ್ಕೆಲ್ಲ ಬ್ಲೀಚ್ ಮೆತ್ತಿಕೊಂಡು, ಎದೆಯ ಮೇಲಿಂದ ಕಟ್ಟುವ, ಭುಜ ಮುಚ್ಚದ ನಮ್ಮ ಗೌನಿನಲ್ಲಿ, ಎಂದಿನಂತೆ ಬೇಸಿನ್ನಿಗೆ ನಡೆದರು. ಪರದೆ ಸರಿಸಿದರೆ ಎದುರು ಗೋಡೆಯುದ್ದಕ್ಕೂ ಕನ್ನಡಿ. ಕಟಿಂಗ್ ಮಾಡಿಸಿಕೊಳ್ಳುತ್ತಿದ್ದವನು ಕತ್ತು ತಿರುಗಿಸಬೇಕಾಗಿಯೇ ಇರಲಿಲ್ಲ. ಕೂತಲ್ಲೇ ಎಲ್ಲ ಕಂಡಿತು. ಟೀಚರಮ್ಮ ವಾಪಸ್ಸು ಒಳಗೆ ಬಂದು, ಒದ್ದೆ ಟವೆಲಿನಲ್ಲಿ ಮುಖ ಒರೆಸಿಕೊಂಡು, ಉರಿಯುವ ಕೆನ್ನೆಯಲ್ಲೇ ಸೀರೆ ಉಟ್ಟು ಹೊರಟುಹೋದರು.

“ಇನ್ನೊಂದು ಬೇಸಿನ್ ಹಾಕ್ಸಿದ್ರಾಯ್ತು,” ಎಂದಳು ಅಕ್ಕ. “ನೋಡಿದ್ರೆ ಏನು ಸವೆದು ಹೋಗುತ್ತಾ? ನಾಚ್ಕೆ ಪಡೋರು ಮನೇಲಿರ್ಲಿ.”

ಆ ಮಾತು ನನಗೆ ತಡೆಯಲಾಗಲಿಲ್ಲ. ಅಕ್ಕನಿಗೆ ಗದ್ದದ ಕೆಳಗೆ ಕೂದಲು ಬರುತ್ತದೆ. ಹೊಸೆದ ದಾರದಂಥ ಗಟ್ಟಿ ಕೂದಲು. ವಾರಕ್ಕೊಮ್ಮೆ, ಶಟರ್ ಎತ್ತುವ ಮೊದಲು, ಒಳಕೋಣೆಯಲ್ಲಿ ನಾನೇ ದಾರ ಹಾಕಿ ತೆಗೆಯುತ್ತೇನೆ. ಭಾವನಿಗೂ ಗೊತ್ತಿಲ್ಲ. ನನ್ನನ್ನು ಬಿಟ್ಟರೆ ಇನ್ನೊಬ್ಬ ನರಪಿಳ್ಳೆಗೂ ಗೊತ್ತಿಲ್ಲ.

“ಹಾಗಾದ್ರೆ ನೀನು ಕೂತ್ಕೋ. ಬಾಗಿಲ ಪಕ್ಕದ ಕುರ್ಚಿಗೆ, ಈಗ್ಲೇ. ಎದ್ದೇಳದೆ ಗದ್ದ ಪೂರ್ತಿ ಮಾಡಿಸ್ಕೊಂಡ್ರೆ ಬೋರ್ಡು ನಾನೇ ಬರೆಸ್ತೀನಿ. ಮತ್ತೆ ತುಟಿ ಬಿಚ್ಚಲ್ಲ.”

ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಹೋಗಿ ಕೂತಳು. ಹಠ ಅಂದರೆ ಅದು.

ಪಕ್ಕದ ಕುರ್ಚಿಯಲ್ಲಿ ಒಬ್ಬನ ಕಟಿಂಗ್ ನಡೆದಿತ್ತು. ಬೆಂಚಿನ ಮೇಲೆ ಇನ್ನೊಬ್ಬ ಕಾಯುತ್ತಿದ್ದ. ನಾನು ಅಕ್ಕನ ತಲೆ ಹಿಂದಕ್ಕೆ ಒರಗಿಸಿ, ಗದ್ದಕ್ಕೆ ಪೌಡರ್ ಹಚ್ಚಿ, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿದೆ. ಅವಳು ಎಂದಿನಂತೆ ಎರಡೂ ಕೈಯಿಂದ ಚರ್ಮ ಬಿಗಿ ಹಿಡಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬೇಕೆಂದೇ ನಿಧಾನವಾಗಿ ಎಳೆದೆ.

ಬೆಂಚಿನವನು ಮೊಬೈಲ್ ಕೆಳಗಿಟ್ಟು ಬಗ್ಗಿ ನೋಡಿದ. “ಗಡ್ಡಾನ ದಾರದಲ್ಲೂ ತೆಗೀತೀರಾ? ನಂಗೆ ಎಷ್ಟಾಗುತ್ತೆ?”

ಅವನು ಗೇಲಿ ಮಾಡಿರಲಿಕ್ಕಿಲ್ಲ. ನಿಜಕ್ಕೂ ರೇಟು ಕೇಳಿದ್ದನೇನೋ. ಆದರೆ ಪಕ್ಕದ ಕುರ್ಚಿಯವನು ಕಿಸಕ್ಕೆಂದ.

ಅಕ್ಕ ನನ್ನ ಕೈ ಪಕ್ಕಕ್ಕೆ ಸರಿಸಿ ಎದ್ದಳು. ಅರ್ಧ ಗದ್ದ ನುಣ್ಣಗೆ ಕೆಂಪಗಿತ್ತು, ಇನ್ನರ್ಧ ಹಾಗೇ ಇತ್ತು. ಸೆರಗು ಮುಚ್ಚಿಕೊಂಡು ಕಟಿಂಗ್‌ನವನಿಗೆ, “ಇವರಿಬ್ಬರದು ಮುಗ್ಸಿ ದುಡ್ಡು ತಗೋ. ನಾಳೆಯಿಂದ ಬರ್ಬೇಡಪ್ಪ,” ಎಂದಳು. ದನಿ ಒಂಚೂರೂ ಏರಲಿಲ್ಲ. ನಾನು ಹಿಂದೆಯೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿ, “ಕೂತ್ಕೊ, ಉಳಿದದ್ದು ಮುಗಿಸ್ತೀನಿ,” ಎಂದೆ.

“ಗೆದ್ಯಲ್ಲ. ಪಾರ್ಲರ್ ಹೆಂಗಸರದ್ದೇ ಇರ್ಲಿ,” ಎಂದಳು. “ಇನ್ಮೇಲೆ ನನ್ನ ಮುಖ ಮುಟ್ಬೇಡ.”

ಪರದೆ ಬಿಚ್ಚಿದೆವು. ಟೀಚರಮ್ಮ ಮತ್ತೆ ಬರುತ್ತಾರೆ. ಬಾಡಿಗೆಗೆ ಏದುಸಿರು ಬಿಡುತ್ತಲೇ ತಿಂಗಳು ದಾಟುತ್ತೇವೆ. ಅಕ್ಕ ಗಲ್ಲಾದಲ್ಲಿ ಕೂರುತ್ತಾಳೆ, ಲೆಕ್ಕ ಬಿಟ್ಟು ಬೇರೆ ಮಾತಿಲ್ಲ. ಅವಳ ಗದ್ದ ಮಾತ್ರ ಯಾವಾಗಲೂ ನುಣ್ಣಗಿರುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದೊಂದು ಯುನಿಸೆಕ್ಸ್ ಆಗಿದೆ. ಮೊನ್ನೆ ನಾನು ಆ ಕಡೆ ಹೋದಾಗ ಗಾಜಿನಾಚೆ ಅಕ್ಕ ಕಂಡಳು: ಎರಡು ಗಂಡಸರ ನಡುವಿನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ, ಗುರುತು ಪರಿಚಯವಿಲ್ಲದ ಹುಡುಗಿಯೊಬ್ಬಳಿಗೆ ಗದ್ದ ಎತ್ತಿ ಕೊಟ್ಟಿದ್ದಳು.